ಎರಡು ಟೆರಾಬೈಟ್, ನಲವತ್ತೊಂಬತ್ತು ಗಂಟೆ

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಪುಟ್ಟಿ ನನ್ನ ಕೋಣೆಗೆ ಬಂದಳು. ನಾನು ಸಂಶೋಧನಾಲಯದ ಸರ್ವರ್ ಕೋಣೆ ನೋಡಿಕೊಳ್ಳುವವಳು. ಎಲ್ಲರ ಬಾಯಲ್ಲೂ ಸರ್ವರಕ್ಕ. ಪುಟ್ಟಿ ನಮ್ಮಲ್ಲಿ ಪಿಎಚ್.ಡಿ. ಮಾಡುತ್ತಿರುವ ಹುಡುಗಿ. ಸೂಕ್ಷ್ಮದರ್ಶಕದಲ್ಲಿ ಇಲಿಯ ಮೆದುಳಿನ ಚಿತ್ರ ತೆಗೆಯುವುದೇ ಮೂರು ವರ್ಷದಿಂದ ಅವಳ ಕೆಲಸ. ಆ ಚಿತ್ರಗಳೆಲ್ಲ ಸೇರಿ ಎರಡು ಟೆರಾಬೈಟ್ ಆಗಿದ್ದವು.

ಅವನ್ನು ಜೋಡಿಸುವಷ್ಟು ದೊಡ್ಡ ಗಣಕ ನಮ್ಮಲ್ಲಿಲ್ಲ. ಬಸ್ಸಿನಲ್ಲಿ ಹತ್ತು ಗಂಟೆ ದೂರದ ಕೇಂದ್ರವೊಂದು ಸೋಮವಾರ ಬೆಳಿಗ್ಗೆ ಒಂಬತ್ತರಿಂದ ಅವಳಿಗೆ ನಾಲ್ಕು ದಿನ ಕೊಟ್ಟಿತ್ತು. ಒಂಬತ್ತರೊಳಗೆ ಚಿತ್ರಗಳು ಅಲ್ಲಿರದಿದ್ದರೆ ಸರದಿ ಮುಂದಿನವರಿಗೆ. ಮತ್ತೆ ಸಿಗುವುದು ಆರು ತಿಂಗಳ ಮೇಲೆ. ಅವಳ ವಿದ್ಯಾರ್ಥಿವೇತನ ಉಳಿದದ್ದು ನಾಲ್ಕೇ ತಿಂಗಳು.

"ಅಕ್ಕ, ಲೈನಲ್ಲಿ ಕಳಿಸೋದಾ, ಡಿಸ್ಕಿಗೆ ಹಾಕಿ ಕೊರಿಯರ್ ಮಾಡೋದಾ? ನನ್ನ ಹಣೆಬರಹ ನಿಮ್ಮ ಕೈಲಿದೆ."

"ಹಣೆಬರಹ ಎಲ್ಲ ಬೇಡ, ಒಂದು ಹಾಳೆ ಕೊಡು."

ನಮ್ಮ ಲೈನು ಸೆಕೆಂಡಿಗೆ ನೂರು ಮೆಗಾಬಿಟ್. ಎರಡು ಟೆರಾಬೈಟನ್ನು ಎಂಟರಿಂದ ಗುಣಿಸಿ ಬಿಟ್ ಮಾಡಿ, ನೂರು ಮೆಗಾಬಿಟ್ಟಿನಿಂದ ಭಾಗಿಸಿದೆ. ಒಂದು ಲಕ್ಷ ಅರವತ್ತು ಸಾವಿರ ಸೆಕೆಂಡು, ಅಂದರೆ ನಲವತ್ತನಾಲ್ಕೂವರೆ ಗಂಟೆ. ಪ್ರತಿ ತುಣುಕಿನ ಮೇಲೂ ಹಚ್ಚುವ ವಿಳಾಸ, ಗುರುತಿಗೆಂದು ಅದರ ಮೇಲೆ ಶೇಕಡಾ ಹತ್ತು. ಪರೀಕ್ಷೆಗೆಂದು ಇಪ್ಪತ್ತು ಗಿಗಾಬೈಟಿನ ಒಂದು ಫೈಲನ್ನು ಕಳಿಸಿ ನೋಡಿದೆ. ಅರ್ಧ ಗಂಟೆಯೊಳಗೆ ಮುಟ್ಟಿತು. ಲೆಕ್ಕಕ್ಕೆ ಸರಿಹೋಯಿತು: ನಲವತ್ತೊಂಬತ್ತು ಗಂಟೆ. ಹತ್ತಕ್ಕೆ ಶುರು ಮಾಡಿದರೆ ಭಾನುವಾರ ಹನ್ನೊಂದಕ್ಕೆ ಮುಗಿಯುತ್ತದೆ.

ಇನ್ನೊಂದು ಕಡೆ, ಡಿಸ್ಕಿಗೆ ತುಂಬಲು ಎಂಟು ಗಂಟೆ. ಸಂಜೆ ಆರಕ್ಕೆ ಕೊರಿಯರಿನವರು ಒಯ್ದರೆ ಭಾನುವಾರ ಹತ್ತಕ್ಕೆ ತಲುಪುತ್ತದೆ. ಅಲ್ಲಿ ಇಳಿಸಲು ಐದು ಗಂಟೆ. ಮಧ್ಯಾಹ್ನ ಮೂರು.

"ಲೈನೇ ನಾಲ್ಕು ಗಂಟೆ ಮುಂದೆ," ಅಂದೆ.

"ಆದ್ರೂ ಡಿಸ್ಕು ಕೈಲಿದ್ರೆ ಧೈರ್ಯ ಅಲ್ವಾ ಅಕ್ಕ? ನಿಮ್ಮ ಡ್ರಾಯರಲ್ಲಿ ನಾಲ್ಕು ಟೆರಾದ್ದೊಂದು ನೋಡಿದ ಹಾಗಿತ್ತು."

"ಅದು ತುಂಬಿದೆ."

ಆ ಡಿಸ್ಕು ನನ್ನ ತಮ್ಮನದು. ಹತ್ತು ತಿಂಗಳ ಹಿಂದೆ ತೀರಿಕೊಂಡ. ಅವನು ತೆಗೆದ ವಿಡಿಯೋಗಳೆಲ್ಲ ಅದರಲ್ಲಿವೆ. ಇನ್ನೊಂದು ಪ್ರತಿ ಮಾಡಿಟ್ಟಿರಲಿಲ್ಲ. ಊರಿಗೆಲ್ಲ ಅದನ್ನೇ ಉಪದೇಶ ಮಾಡುವವಳು ನಾನು. ಅದು ತುಂಬಿರಲೂ ಇಲ್ಲ, ಒಂದೂವರೆ ಟೆರಾ ಖಾಲಿ ಇತ್ತು.

ಹೊಸದು ಕೊಳ್ಳಲು ಕಚೇರಿಯ ಒಪ್ಪಿಗೆಗೆ ವಾರ ಹಿಡಿಯುತ್ತದೆ. ಹತ್ತಕ್ಕೆ ಲೈನಿನಲ್ಲಿ ಶುರು ಮಾಡಿದೆ.

ಎಷ್ಟು ಹೋಗಿದೆಯೆಂದು ಶನಿವಾರ ನಾನು ನೋಡಲಿಲ್ಲ. ಮನೆಯಿಂದಲೇ ನೋಡಬಹುದಿತ್ತು.

ಭಾನುವಾರ ಹತ್ತಕ್ಕೆ, ಮುಗಿಯುವುದನ್ನು ನೋಡೋಣವೆಂದು ಬಂದೆ. ಪರದೆಯ ಮೇಲೆ ಶೇಕಡಾ ನಲವತ್ತೆಂಟು ಎಂದಿತ್ತು. ಓದಿದ್ದು ತಪ್ಪೆಂದುಕೊಂಡು ಮತ್ತೆ ಓದಿದೆ. ಆಮೇಲೆ ಫೈಲುಗಳ ಸಂಖ್ಯೆ ನೋಡಿದೆ. ನಲವತ್ತು ಲಕ್ಷ.

ಒಂದೊಂದು ಚಿತ್ರವೂ ಅರ್ಧ ಮೆಗಾಬೈಟಿನ ಚೂರು. ಚೂರನ್ನು ಸಾಗಿಸಲು ಸೆಕೆಂಡಿನ ನೂರರಲ್ಲಿ ನಾಲ್ಕೂವರೆ ಪಾಲು ಸಾಕು. ಆದರೆ ಪ್ರತಿ ಚೂರಿಗೂ ಈ ತುದಿ ಆ ತುದಿಯನ್ನು ಕೇಳುತ್ತದೆ: ಬಂತಾ? ಬಂತು. ಮುಂದಿನದು ಕಳಿಸಲಾ? ಕಳಿಸು. ಆ ಮಾತುಕತೆಗೆ ಮತ್ತೆ ಅಷ್ಟೇ ಹೊತ್ತು. ನಲವತ್ತು ಲಕ್ಷ ಸಲ. ಒಟ್ಟು ನೂರು ಗಂಟೆ, ಅಂದರೆ ಮಂಗಳವಾರ ಮಧ್ಯಾಹ್ನ. ನಾನು ಪರೀಕ್ಷೆ ಮಾಡಿದ್ದು ಒಂದೇ ಒಂದು ದೊಡ್ಡ ಫೈಲಿನಲ್ಲಿ. ಹದಿನೈದು ವರ್ಷದ ಅನುಭವಕ್ಕೆ ಇದು ಗೊತ್ತಿಲ್ಲದ ವಿಷಯವಲ್ಲ.

ಪುಟ್ಟಿಗೆ ಫೋನ್ ಮಾಡಿದೆ. ಅವಳು ಓಡಿ ಬಂದಳು. ಒಂದು ಕಾಲಿನ ಚಪ್ಪಲಿಯ ಪಟ್ಟಿ ಬಿಚ್ಚಿಕೊಂಡಿತ್ತು.

"ಉಳಿದದ್ದನ್ನ ಗಂಟು ಕಟ್ಟಿ, ದೊಡ್ಡ ದೊಡ್ಡ ಫೈಲು ಮಾಡಿ ಲೈನಲ್ಲೇ ಕಳಿಸಿದ್ರೆ?" ಎಂದಳು.

"ಮಾತುಕತೆ ತಪ್ಪುತ್ತೆ. ಆದ್ರೂ ಉಳಿದ ಒಂದು ಟೆರಾ ಚಿಲ್ಲರೆಗೆ ಇಪ್ಪತ್ತೈದೂವರೆ ಗಂಟೆ. ನಾಳೆ ಹನ್ನೊಂದೂವರೆ ಆಗತ್ತೆ."

"ಎರಡೂವರೆ ಗಂಟೆಗೋಸ್ಕರ ನನ್ನ ಮೂರು ವರ್ಷ!" ಅವಳು ನಗಲು ನೋಡಿದಳು. ನಗು ಬರಲಿಲ್ಲ.

"ಹೊತ್ಕೊಂಡು ಹೋದ್ರೆ ಆಗತ್ತೆ," ಅಂದೆ. "ಗಂಟು ಕಟ್ಟಿ ಡಿಸ್ಕಿಗೆ ಬರೆಯೋಕೆ ನಾಲ್ಕು ಗಂಟೆ ಚಿಲ್ಲರೆ. ಮೂರು ಗಂಟೆ ಬಸ್ಸು ಹತ್ತಿದ್ರೆ ರಾತ್ರಿ ಒಂದಕ್ಕೆ ಅಲ್ಲಿರ್ತೀಯ. ಅಲ್ಲಿ ಪಾಳಿಯವರು ಯಾವಾಗ್ಲೂ ಇರ್ತಾರೆ. ಇಳಿಸಿ ಗಂಟು ಬಿಚ್ಚೋಕೆ ನಾಲ್ಕೈದು ಗಂಟೆ ಅಂದ್ರೂ ಬೆಳಿಗ್ಗೆ ಆರು."

"ಡಿಸ್ಕ್ ಎಲ್ಲಿದೆ? ಭಾನುವಾರ ಯಾವ ಅಂಗಡಿ ತೆಗ್ದಿರತ್ತೆ?"

ನಾನು ಡ್ರಾಯರ್ ಎಳೆದೆ.

ಲೈನನ್ನು ನಿಲ್ಲಿಸಿದೆ. ಎರಡೂ ಒಟ್ಟಿಗೆ ಓದತೊಡಗಿದರೆ ಸರ್ವರಿನ ಡಿಸ್ಕುಗಳೇ ತೆವಳುತ್ತವೆ. ತಮ್ಮನ ಡಿಸ್ಕು ಸಣ್ಣಗೆ ಗುಯ್‌ಗುಟ್ಟತೊಡಗಿತು. ಅವನ ಫೋಲ್ಡರುಗಳ ಪಕ್ಕದಲ್ಲಿ ಇಲಿಯ ಮೆದುಳು ತುಂಬುತ್ತಾ ಹೋಯಿತು. ಸೆಕೆಂಡಿಗೆ ಎಪ್ಪತ್ತು ಮೆಗಾಬೈಟ್. ಪುಟ್ಟಿ ಸ್ಟೂಲಿನ ಮೇಲೆ ಕೂತು ಪರದೆ ಬಿಟ್ಟು ಕದಲಲಿಲ್ಲ.

"ಇದ್ರಲ್ಲಿ ಇರೋದನ್ನ ಏನೂ ಅಳಿಸ್ಲಿಲ್ವಲ್ಲ ಅಕ್ಕ?"

"ಇಲ್ಲ. ಹೇಗೋ ಹಿಡೀತು."

ಎರಡೂವರೆಗೆ ಮುಗಿಯಿತು. ಗಂಟುಗಳ ಮೊಹರು ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಆ ಕಡೆ ತಾಳೆಯಾದರೆ ಯಾವುದೂ ಕೆಟ್ಟಿಲ್ಲ ಎಂದರ್ಥ. ಡಿಸ್ಕನ್ನು ಟವೆಲಿನಲ್ಲಿ ಸುತ್ತಿ ಊಟದ ಡಬ್ಬಿಯೊಳಗೆ ಇಟ್ಟೆ. ಬಸ್ ನಿಲ್ದಾಣದವರೆಗೂ ಅವಳು ಅದನ್ನು ಎದೆಗೆ ಅವುಚಿಕೊಂಡಿದ್ದಳು.

"ತೊಡೆ ಮೇಲೇ ಇಟ್ಕೋತೀನಿ ಅಕ್ಕ. ನಿಮ್ಮ ತಮ್ಮನದೂಂತ ನನ್ನ ಗೈಡ್ ಮೇಷ್ಟ್ರು ಹೇಳಿದ್ರು. ಇಷ್ಟು ಮಾಡಿದ್ರಲ್ಲ ನನಗೋಸ್ಕರ..."

ಆ ಮಾತನ್ನು ಹಾಗೇ ಇಟ್ಟುಕೊಳ್ಳಲು ನನ್ನಿಂದ ಆಗಲಿಲ್ಲ.

"ಪುಟ್ಟಿ, ಶುಕ್ರವಾರ ತುಂಬಿದೆ ಅಂದೆನಲ್ಲ. ಸುಳ್ಳು. ಒಂದೂವರೆ ಖಾಲಿ ಇತ್ತು."

ಅವಳು ನನ್ನ ಮುಖ ನೋಡಿದಳು. ಆಮೇಲೆ ಬಸ್ಸಿನ ಕಡೆ ನೋಡುತ್ತಾ ತುಟಿಯಲ್ಲೇ ಲೆಕ್ಕ ಹಾಕಿದಳು. ಲೆಕ್ಕದಲ್ಲಿ ಅವಳು ನನಗಿಂತ ಚುರುಕು.

"ಒಂದೂವರೆ ಇದಕ್ಕೆ. ಉಳಿದ ಅರ್ಧ ಲೈನಿಗೆ. ಈ ನಿಧಾನದಲ್ಲೂ ಇಪ್ಪತ್ತೈದು ಗಂಟೆ. ಶನಿವಾರ ಹನ್ನೊಂದಕ್ಕೆ ಮುಗೀತಿತ್ತು. ಕೊರಿಯರು ಇವತ್ತು ಬೆಳಿಗ್ಗೆ."

"ಹೌದು."

"ಅಳಿಸೋದೇ ಬೇಕಿರ್ಲಿಲ್ಲ."

"ಬೇಕಿರ್ಲಿಲ್ಲ."

"ನನಗೆ ಹೇಳಿದ್ರೆ ಸಾಕಿತ್ತು. ಕೊಡಲ್ಲ ಅಂದಿದ್ರೂ ನಾನು ಬೇರೆ ದಾರಿ ಹುಡುಕ್ತಿದ್ದೆ. ಯಾರ ಕೈಕಾಲಾದ್ರೂ ಹಿಡೀತಿದ್ದೆ." ಬಸ್ಸಿನ ಮೆಟ್ಟಿಲ ಕಡೆ ತಿರುಗಿ, "ನಿಮ್ಮನ್ನ ನಂಬಿ ನಿನ್ನೆ ಸಿನಿಮಾಗೆ ಹೋಗಿದ್ದೆ," ಎಂದಳು.

ಕಂಡಕ್ಟರ್ ಸೀಟಿ ಊದಿದ. ಅವಳು ಹತ್ತಿದಳು. ಕಿಟಕಿಯ ಪಕ್ಕ ಕೂತರೂ ಹೊರಗೆ ನೋಡಲಿಲ್ಲ. ಡಬ್ಬಿ ತೊಡೆಯ ಮೇಲಿತ್ತು.

ಸೋಮವಾರ ಬೆಳಿಗ್ಗೆ ಏಳೂಹತ್ತಕ್ಕೆ ಸಂದೇಶ ಬಂತು. "ಎಲ್ಲ ತಾಳೆಯಾಯ್ತು. ಒಂಬತ್ತಕ್ಕೆ ಶುರು. ಡಿಸ್ಕು ಶುಕ್ರವಾರ ತರ್ತೀನಿ." ಅಕ್ಕ ಎಂಬ ಮಾತಿರಲಿಲ್ಲ.

ಹತ್ತಕ್ಕೆ ಮೇಷ್ಟ್ರು ನನ್ನ ಬಾಗಿಲಲ್ಲಿ ನಿಂತರು. ಪುಟ್ಟಿ ಅವರಿಗೆ ಲೆಕ್ಕ ತಪ್ಪಿದ್ದು, ಬಸ್ಸಿನ ಕತೆ ಇಷ್ಟನ್ನೇ ಹೇಳಿದ್ದಳು.

"ಭಲೇ ಕಣಮ್ಮ, ಆ ಹುಡುಗೀನ ದಡ ಮುಟ್ಟಿಸಿಬಿಟ್ಟೆ. ಲೆಕ್ಕ ತಪ್ಪೋದು ಯಾರಿಗಾದ್ರೂ ಆಗತ್ತೆ, ಮನಸ್ಸಿಗೆ ಹಚ್ಕೋಬೇಡ."

"ಲೆಕ್ಕ ತಪ್ಪಲಿಲ್ಲ ಸರ್," ಅಂದೆ. "ಫೈಲು ಎಷ್ಟಿವೆ ಅಂತ ನಾನು ಎಣಿಸ್ಲೇ ಇಲ್ಲ. ಎಣಿಸಿದ್ರೆ ಡಿಸ್ಕು ಕೊಡಬೇಕಾಗ್ತಿತ್ತು."

ಅವರು ಕನ್ನಡಕ ತೆಗೆದರು. ಒರೆಸಿದರು. ಕೂರಲೂ ಇಲ್ಲ, ಹೋಗಲೂ ಇಲ್ಲ.

"ಅವಳಿಗೆ ಗೊತ್ತಾ?"

"ಗೊತ್ತು."

"ಮತ್ತೆ ನನಗೆ ಯಾಕೆ ಹೇಳ್ಲಿಲ್ಲ ಅವಳು?"