ಎರಡು ಸಾವಿರದ ನಾನೂರು ಕವಲುತೋಕೆ

ನಮ್ಮ ಆಫೀಸಿನ ಯಜಮಾನರಿಗೆ ನಾವು ಇಟ್ಟಿರುವ ಹೆಸರು ಸರಾಸರಿ. ಯಾವ ಕಾಡಿನ ವರದಿ ಕೊಟ್ಟರೂ ‘ಸರಾಸರಿ ನೋಡಿದ್ರೆ ಪರವಾಗಿಲ್ಲ’ ಎನ್ನುವುದು ಅವರ ಬಾಯಿಪಾಠ. ಎಲ್ಲಾದರೂ ರಸ್ತೆಯೋ ಕಾರ್ಖಾನೆಯೋ ಬರುವುದಿದ್ದರೆ, ಅದಕ್ಕೆ ಮೊದಲು ಅಲ್ಲಿ ಯಾವ ಜೀವ ಎಷ್ಟಿದೆ ಎಂದು ಎಣಿಸಿ ವರದಿ ಬರೆದುಕೊಡುವುದು ನಮ್ಮ ಕಸುಬು. ಹಕ್ಕಿ ಎಣಿಸುವುದು ನನ್ನ ಪಾಲು. ಹತ್ತೊಂಬತ್ತು ವರ್ಷದಿಂದ ಎಣಿಸುತ್ತಿದ್ದೇನೆ, ಕತ್ತು ನೋವು ಬಿಟ್ಟರೆ ಬೇರೇನೂ ಗಳಿಸಿಲ್ಲ.

ಎರಡು ವರ್ಷದ ಹಿಂದೆ ಒಂದು ತೋಪಿನ ವರದಿಯಲ್ಲಿ ಸರಾಸರಿ ಮಾಡಿದ ಕೆಲಸ ನನಗೆ ಇವತ್ತಿಗೂ ಉರಿಯುತ್ತದೆ. ನನ್ನ ಅಂಕಿಗಳನ್ನಿಟ್ಟುಕೊಂಡು ಏಳು ಥರದ ವೈವಿಧ್ಯ ಸೂಚ್ಯಂಕ ಲೆಕ್ಕ ಹಾಕಿಸಿದರು. ಜಾತಿಗಳ ಸಂಖ್ಯೆ ನೋಡಿದರೆ ತೋಪು ಮುಂದೆ, ಜಾತಿಗಳು ಎಷ್ಟು ಸಮವಾಗಿ ಹಂಚಿಕೊಂಡಿವೆ ಎಂದು ನೋಡಿದರೆ ಪಕ್ಕದ ಬೋಳು ಬಯಲು ಮುಂದೆ. ಬಟ್ಟೆ ಅಂಗಡಿಯಲ್ಲಿ ಹರವಿಸಿಕೊಂಡು ನೋಡುವ ಹಾಗೆ ಏಳನ್ನೂ ನೋಡಿ, ಗಿರಾಕಿಯ ಮೈಗೆ ಹೊಂದುವುದೊಂದನ್ನು ಎತ್ತಿಕೊಂಡರು. ತೋಪು ಹೋಯಿತು. ನಾನು ಕೂಗಾಡಿದೆ. ‘ಲೆಕ್ಕ ತಪ್ಪಿದೆಯಾ ಹೇಳು’ ಎಂದರು. ಲೆಕ್ಕ ತಪ್ಪಿರಲಿಲ್ಲ.

ಅದಕ್ಕೇ ಈ ಸಲ ನಾನು ಮೊದಲೇ ಬೇಲಿ ಹಾಕಿದೆ. ಊರಿಗೆ ಲಾರಿ ನಿಲ್ದಾಣ ಬೇಕಾಗಿತ್ತು. ಮೂರು ಜಾಗ ಗೊತ್ತುಮಾಡಿದ್ದರು: ಹಳೇ ಹಣ್ಣಿನ ತೋಟ, ಮುಚ್ಚಿದ ಗಿರಣಿಯ ಅಂಗಳ, ಊರಾಚೆಯ ಜೊಂಡು ಬೆಳೆದ ಜೌಗು. ಹಕ್ಕಿಗಳ ವೈವಿಧ್ಯ ಎಲ್ಲಿ ಕಡಿಮೆಯೋ ಆ ಜಾಗದಲ್ಲಿ ನಿಲ್ದಾಣ ಎಂದು ಪರಿಶೀಲನಾ ಸಮಿತಿ ನಿರ್ಧರಿಸಿತ್ತು. ಎಣಿಕೆ ಶುರುವಾಗುವ ಮುಂಚೆ ವಿಧಾನದ ಅಧ್ಯಾಯವನ್ನು ನಾನೇ ಕೂತು ಬರೆದೆ. ಬರೀ ಎಷ್ಟು ಜಾತಿ ಎಂದು ಎಣಿಸಿದರೆ ದಾರಿತಪ್ಪಿ ಬಂದ ಒಂದೇ ಹಕ್ಕಿಗೂ ಅಲ್ಲೇ ಗೂಡು ಕಟ್ಟಿದ ನೂರು ಹಕ್ಕಿಗೂ ಒಂದೇ ಬೆಲೆ. ಜಾಸ್ತಿ ಹೊತ್ತು ನಿಂತವರಿಗೆ ಜಾಸ್ತಿ ಜಾತಿ ಸಿಗುತ್ತವೆ. ಬರೀ ಸಮತೆ ನೋಡಿದರೆ ನಾಲ್ಕೇ ಜಾತಿ ಸಮಸಮ ಇರುವ ಅಂಗಳ ನಲವತ್ತು ಜಾತಿಯ ಜೌಗನ್ನು ಮೀರಿಸಿಬಿಡಬಹುದು. ಹಾಗಾಗಿ ಸಿಂಪ್ಸನ್ ಸೂಚ್ಯಂಕ ಆರಿಸಿದೆ. ಕಣ್ಣು ಮುಚ್ಚಿಕೊಂಡು ಎರಡು ಹಕ್ಕಿ ಎತ್ತಿದರೆ ಅವೆರಡೂ ಬೇರೆ ಬೇರೆ ಜಾತಿಯವಾಗಿರುವ ಸಾಧ್ಯತೆ ಎಷ್ಟು ಎಂದು ಅದು ಹೇಳುತ್ತದೆ. ಸೊನ್ನೆಯಿಂದ ಒಂದರವರೆಗೆ, ಒಂದರ ಹತ್ತಿರ ಇದ್ದಷ್ಟೂ ಒಳ್ಳೆಯದು. ಅಪರೂಪಕ್ಕೆ ಸಿಕ್ಕ ಒಂದೆರಡು ಹಕ್ಕಿಗೆ ಅದು ಅಲುಗಾಡುವುದಿಲ್ಲ. ಆದರೆ ಒಂದೇ ಜಾತಿ ಉಳಿದವುಗಳ ಮೇಲೆ ಸವಾರಿ ಮಾಡಿತೋ, ನೆಲ ಕಚ್ಚುತ್ತದೆ.

ಮೂರು ಜಾಗಕ್ಕೂ ಹನ್ನೆರಡು ಬೆಳಗು, ತಲಾ ಆರು ಕಡೆ, ಹತ್ತತ್ತು ನಿಮಿಷ. ಕೊನೆಗೆ ಒಂದು ಸಾಲು ಸೇರಿಸಿದೆ: ಅಂಕಿಗಳ ಪಟ್ಟಿಗೆ ಸಹಿ ಬಿದ್ದ ಮೇಲೆ ಯಾವ ಅಂಕಿಯನ್ನೂ, ಯಾವ ಸೂಚ್ಯಂಕವನ್ನೂ ಯಾರೂ ಬದಲಿಸತಕ್ಕದ್ದಲ್ಲ. ಸಮಿತಿ ಅದಕ್ಕೆ ಒಪ್ಪಿಗೆ ಕೊಟ್ಟ ದಿನ ಸರಾಸರಿಯ ಮುಖ ನೋಡಿ ನನಗೆ ಆದ ಖುಷಿಯನ್ನು ಬಚ್ಚಿಡುವುದಿಲ್ಲ. ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡವಳ ಹಾಗೆ ಓಡಾಡಿದೆ.

ಜೌಗು ನಮ್ಮಪ್ಪನ ಜಾಗ. ಅಪ್ಪ ಮೂವತ್ತೊಂದು ವರ್ಷ ಮನೆಮನೆಯ ನೀರಿನ ಮೀಟರು ಓದಿದವರು. ಒಂದು ದಿನವೂ ಅಂದಾಜಿನ ಅಂಕಿ ಬರೆಯಲಿಲ್ಲ ಎನ್ನುವುದು ಅವರ ಒಂದೇ ಜಂಬ. ನಾಯಿ ಕಚ್ಚಿದ ದಿನವೂ ಓದಿ ಬರೆದುಕೊಂಡೇ ಆಸ್ಪತ್ರೆಗೆ ಹೋದರಂತೆ. ಕೆಲಸ ಮುಗಿಸಿ ಮನೆಗೆ ಬರುವಾಗ ಜೌಗಿನ ಏರಿಯ ಮೇಲೆ ಸೈಕಲ್ ನಿಲ್ಲಿಸುತ್ತಿದ್ದರು. ನನ್ನನ್ನು ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು, ಜೊಂಡಿನೊಳಗಿಂದ ಬರುವ ಒಂದೊಂದು ಕೂಗಿಗೂ ಹೆಸರು ಹೇಳಿಕೊಟ್ಟಿದ್ದು ಅಲ್ಲೇ. ಅಮ್ಮ ಹೋದ ಮೇಲೆ ಅವರು ಇನ್ನೊಬ್ಬರ ಜೊತೆ ಮಾತಾಡುವುದೂ ಹೆಚ್ಚುಕಡಿಮೆ ಅಲ್ಲಿ ಮಾತ್ರ. ನಿವೃತ್ತರಾದ ಮೇಲೂ ದಿನಾ ಸಂಜೆ ಆರಕ್ಕೆ ಏರಿಗೆ ಹೋಗುತ್ತಿದ್ದರು. ಜೌಗು ಹೋದರೆ ಅವರಿಗೆ ಸಂಜೆ ಅನ್ನುವುದೇ ಇರುವುದಿಲ್ಲ, ಅದು ನನಗೆ ಗೊತ್ತಿತ್ತು.

ಹನ್ನೆರಡು ಬೆಳಗಿನ ಲೆಕ್ಕ ಮುಗಿಯಿತು. ಜೌಗಿನಲ್ಲಿ ಆರುನೂರು ಹಕ್ಕಿ, ನಲವತ್ತೊಂದು ಜಾತಿ. ತೋಟದಲ್ಲಿ ಹತ್ತೊಂಬತ್ತು, ಗಿರಣಿಯ ಅಂಗಳದಲ್ಲಿ ಹದಿನಾಲ್ಕು ಜಾತಿ. ಅಷ್ಟಕ್ಕೆ ಕೈ ತೊಳೆದುಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಸಂಜೆ ಕವಲುತೋಕೆ ಹಕ್ಕಿಗಳು ಹಿಂಡುಹಿಂಡಾಗಿ ಆ ಜೊಂಡಿಗೆ ಮಲಗಲು ಬರುತ್ತವೆ. ಹೊತ್ತು ಹುಟ್ಟುವ ಮೊದಲೇ ಎದ್ದು ಹೋಗುವುದರಿಂದ ಬೆಳಗಿನ ಲೆಕ್ಕದಲ್ಲಿ ಸಿಕ್ಕಿದ್ದು ಒಂಬತ್ತು ಮಾತ್ರ. ಆರುನೂರು ಎಂಬ ಅಂಕಿ ನನ್ನ ಕಣ್ಣಿಗೆ ಬಡಕಲಾಗಿ ಕಂಡಿತು. ಸಮಿತಿಯವರು ಮೊದಲು ನೋಡುವುದೇ ಒಟ್ಟು ಹಕ್ಕಿಯ ಕಾಲಂ. ಅಲ್ಲಿ ಸಾವಿರಗಳು ಕಂಡರೆ ಬಾಯಿ ಬಿಡುತ್ತಾರೆ ಎಂದುಕೊಂಡೆ. ಅಪ್ಪನಿಗೆ ಎಣಿಸಿಕೊಡಲು ಕೇಳಿದೆ. ಎಪ್ಪತ್ತೆರಡು ವರ್ಷದ ಮನುಷ್ಯ, ಮಂಡಿ ಊದಿಸಿಕೊಂಡು ಏರಿಯ ಮೇಲೆ ನಿಂತು, ಹತ್ತು ಹಕ್ಕಿಗೊಂದು ಸಲ ಕೈಯಲ್ಲಿನ ಎಣಿಕೆಯಂತ್ರ ಒತ್ತಿದರು. ಮೂರು ಸಂಜೆ ಎಣಿಸಿ, ಮೂರರಲ್ಲಿ ನಡುವಿನದಾದ ಕೊನೆಯ ಸಂಜೆಯ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಟ್ಟರು. ಯಂತ್ರ ಒತ್ತಿದ್ದು ಇನ್ನೂರ ನಲವತ್ತು ಸಲ, ಹಕ್ಕಿ ಎರಡು ಸಾವಿರದ ನಾನೂರು.

ಅದನ್ನು ಜೌಗಿನ ಪಟ್ಟಿಗೆ ಸೇರಿಸಿ ಸಹಿ ಹಾಕಿದೆ. ತೋಟದಲ್ಲಾಗಲಿ ಅಂಗಳದಲ್ಲಾಗಲಿ ಸಂಜೆ ಹೊತ್ತು ಯಾರೂ ನಿಂತಿರಲಿಲ್ಲ. ಬೇರೆ ಹಾಳೆಯಲ್ಲಿ ಬರೆಯಬೇಕಿತ್ತು; ಬೇರೆ ಹಾಳೆಯನ್ನು ಯಾರು ಓದುತ್ತಾರೆ ಎಂದು ಅದರಲ್ಲೇ ತುರುಕಿದೆ. ಅದೇ ಪಟ್ಟಿಯಿಂದಲೇ ಸೂಚ್ಯಂಕವೂ ಹುಟ್ಟುತ್ತದೆ ಎಂದು ನನಗೆ ಗೊತ್ತಿರಲಿಲ್ಲವೇ? ತರಬೇತಿಗೆ ಬಂದವರು ಹೀಗೆ ಮಾಡಿದ್ದರೆ ಹಾಳೆಯನ್ನು ಮುಖಕ್ಕೆ ಎಸೆಯುತ್ತಿದ್ದೆ. ಆ ದಿನ ಮಾತ್ರ ಸಮಿತಿಯವರ ಬಿಟ್ಟ ಬಾಯಿ ಬಿಟ್ಟರೆ ನನ್ನ ಕಣ್ಣಿಗೆ ಬೇರೇನೂ ಕಾಣಲಿಲ್ಲ.

ನಾಲ್ಕನೇ ದಿನ ಸರಾಸರಿ ನನ್ನನ್ನು ಕರೆದು ಒಂದು ಹಾಳೆ ಮುಂದಿಟ್ಟರು. ತೋಟಕ್ಕೆ 0.91, ಅಂಗಳಕ್ಕೆ 0.88, ಜೌಗಿಗೆ 0.35. ಮೂರು ಸಾವಿರದಲ್ಲಿ ನೂರಕ್ಕೆ ಎಂಬತ್ತು ಒಂದೇ ಹಕ್ಕಿ. ಕಣ್ಣು ಮುಚ್ಚಿ ಎರಡು ಎತ್ತಿದರೆ ಹೆಚ್ಚಿನ ಸಲ ಎರಡೂ ಕವಲುತೋಕೆ. ಅಲ್ಲೇ ಕೂತು ಸಂಜೆಯ ಕವಲುತೋಕೆ ತೆಗೆದು ಬೆಳಗಿನ ಆರುನೂರಕ್ಕೆ ಮಾತ್ರ ಲೆಕ್ಕ ಹಾಕಿದೆ, 0.93 ಬಂತು. ಎಲ್ಲಕ್ಕಿಂತ ಮೇಲಿದ್ದ ಜೌಗನ್ನು ತಳಕ್ಕೆ ನೂಕಿದವಳು ನಾನೇ.

ತಿದ್ದಬೇಕು ಎಂದೆ. ಸರಾಸರಿ ಬೈಯಲಿಲ್ಲ, ನಗಲೂ ಇಲ್ಲ. ವಿಧಾನದ ಅಧ್ಯಾಯ ತೆಗೆದು ನನ್ನದೇ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಸಮಿತಿಯ ಸಭೆಯಲ್ಲಿ ನಾನು ಎದ್ದು ನಿಂತು ಹೇಳಿಯೇಬಿಟ್ಟೆ. ಸಂಜೆಯ ಲೆಕ್ಕ ಒಂದೇ ಜಾಗದ್ದು, ಬೇರೆ ವಿಧಾನದ್ದು, ಜೌಗು ದೊಡ್ಡದಾಗಿ ಕಾಣಲಿ ಎಂದು ನಾನೇ ಸೇರಿಸಿದ್ದು, ತೆಗೆಯಬೇಕು ಎಂದೆ. ಅಷ್ಟು ಹಕ್ಕಿ ಒಟ್ಟಿಗೆ ಮಲಗುವ ಜಾಗ ಬಡ ಜಾಗವಲ್ಲ, ಆದರೆ ಈ ಸೂಚ್ಯಂಕಕ್ಕೆ ಅದು ತಿಳಿಯುವುದಿಲ್ಲ. ಮೂರೂ ಕಡೆ ಒಂದೇ ಸಮ ಎಣಿಸಿರುವುದರಿಂದ ಬೆಳಗಿನ ಜಾತಿಗಳ ಸಂಖ್ಯೆಯನ್ನಾದರೂ ಪಕ್ಕದಲ್ಲಿಟ್ಟು ನೋಡಿ ಎಂದೆ. ಸಮಿತಿಯಲ್ಲಿದ್ದ ಕಾಲೇಜಿನ ಮೇಡಮ್ಮಿಗೆ ಅರ್ಥವಾಯಿತು. ಇವರು ಹೇಳುವುದು ಸರಿ, ಒಂದೇ ಅಂಕಿಯನ್ನು ನಂಬಿ ಕೂತಿದ್ದೇ ತಪ್ಪು, ಇನ್ನೊಮ್ಮೆ ಎಣಿಸಿ ಎಂದರು. ಅಧ್ಯಕ್ಷರು ಕ್ಯಾಲೆಂಡರ್ ನೋಡಿದರು. ಎಣಿಕೆಯ ಋತು ಮುಗಿದಿತ್ತು, ವರದಿಯ ಗಡುವು ಆ ತಿಂಗಳ ಕೊನೆ.

ಆಮೇಲೆ ಅವರು ನನ್ನನ್ನು ಕೇಳಿದರು. ‘ಸಹಿ ಬಿದ್ದ ಮೇಲೆ ಅಂಕಿ ಬದಲಾಯಿಸಬಾರದು ಅಂತ ಬರೆದವರು ಯಾರಮ್ಮ?’

‘ನಾನೇ.’

‘ಯಾಕೆ ಬರೆದ್ರಿ?’

ತಮಗೆ ಬೇಕಾದ ಹಾಗೆ ತಿರುಚುವವರಿಗೆ ಅವಕಾಶ ಇರಬಾರದು ಅಂತ ಎಂದೆ. ಅಧ್ಯಕ್ಷರು ಕೆಟ್ಟವರಲ್ಲ, ನಿಯಮ ಎಲ್ಲರಿಗೂ ಒಂದೇ ಅಲ್ಲವೇ ಎಂದು ಮೆತ್ತಗೆ ಹೇಳಿ, ನಿಲ್ದಾಣ ಜೌಗಿನಲ್ಲಿ ಎಂದು ಬರೆಸಿ, ಮುಂದಿನ ವಿಷಯಕ್ಕೆ ಹೋದರು. ನಾನು ಹೇಳಿದ್ದೆಲ್ಲ ವರದಿಯ ನೂರ ಹನ್ನೆರಡನೇ ಪುಟದ ಅಡಿಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಅಚ್ಚಾಯಿತು. ಲಿಫ್ಟಿನ ಬಳಿ ಸರಾಸರಿ ನನಗಾಗಿ ಬಾಗಿಲು ಹಿಡಿದು ನಿಂತಿದ್ದರು. ನಾನು ಮೆಟ್ಟಿಲಿಳಿದು ಹೋದೆ.

ಅಪ್ಪನಿಗೆ ಹೇಳಲು ಎಂಟು ದಿನ ಹಿಡಿಯಿತು. ಅಷ್ಟರಲ್ಲಿ ಏರಿಯ ಮೇಲೆ ಕೆಂಪು ಬಣ್ಣ ಬಳಿದ ಗೂಟಗಳನ್ನು ಹೊಡೆದಿದ್ದರು, ಅವರೇ ನೋಡಿಕೊಂಡು ಬಂದು ಊಟದ ತಟ್ಟೆಯ ಮುಂದೆ ಕೂತಿದ್ದರು. ಮುಚ್ಚುಮರೆ ಇಲ್ಲದೆ ಹೇಳಿದೆ. ಹೇಗೆ ಲೆಕ್ಕ ಹಾಕುತ್ತಾರೆ, ಒಂದೇ ಜಾತಿ ಹೆಚ್ಚಾದರೆ ಹೇಗೆ ಬೀಳುತ್ತದೆ, ನಾನು ಯಾಕೆ ಸೇರಿಸಿದೆ, ಎಲ್ಲವನ್ನೂ. ಅಪ್ಪ ಅನ್ನದಲ್ಲಿ ಬೆರಳಾಡಿಸುತ್ತಾ ಕೇಳಿದರು.

‘ನಾನು ಕಮ್ಮಿ ಎಣಿಸಿದ್ರೆ ಉಳೀತಿತ್ತಾ?’

‘ಎಣಿಸದೇ ಇದ್ದಿದ್ರೆ ಉಳೀತಿತ್ತು ಅಪ್ಪ. ಎಣಿಸು ಅಂದಿದ್ದು ನಾನು. ತಪ್ಪು ನಂದು.’

‘ತಪ್ಪು ಯಾರದ್ದು ಅಂತ ಕೇಳ್ತಿಲ್ಲ. ನನ್ನ ಲೆಕ್ಕ ಸರಿ ಇತ್ತಾ?’

‘ಸರಿ ಇತ್ತು.’

ಅವರು ತಲೆಯಾಡಿಸಿ ಊಟ ಮುಗಿಸಿದರು. ತಟ್ಟೆ ತೊಳೆದಿಟ್ಟು, ಗೋಡೆಯ ಗೂಡಿನಲ್ಲಿದ್ದ ಎಣಿಕೆಯಂತ್ರ ತಂದು ನನ್ನ ಮುಂದಿಟ್ಟರು. ‘ಇದು ಆಫೀಸಿನದ್ದಲ್ವಾ, ವಾಪಸ್ ಕೊಡು’ ಎಂದರು. ಆಫೀಸಿನದ್ದಲ್ಲ. ನನ್ನ ಮೊದಲ ಸಂಬಳದಲ್ಲಿ ಅವರಿಗೆ ತಂದುಕೊಟ್ಟಿದ್ದು, ಅದು ಅವರಿಗೂ ಗೊತ್ತು. ಯಂತ್ರದ ಕಿಟಕಿಯಲ್ಲಿ ಅಂಕಿ ಇನ್ನೂರ ನಲವತ್ತರಲ್ಲೇ ನಿಂತಿತ್ತು. ಆ ಚೀಟಿ ಬರೆದುಕೊಟ್ಟ ಮೇಲೆ ಅವರು ಅದನ್ನು ಸೊನ್ನೆಗೆ ತಿರುಗಿಸಿರಲಿಲ್ಲ.

ಮಾರನೇ ದಿನ ಸಂಜೆ ಆರಕ್ಕೆ ಅಪ್ಪ ಚಪ್ಪಲಿ ಹಾಕಿಕೊಳ್ಳಲಿಲ್ಲ. ರಸ್ತೆಗೆ ಬೆನ್ನು ಮಾಡಿ ಕುರ್ಚಿಯಲ್ಲಿ ಕೂತರು.