ಕಾಲಿನ ಹೆಬ್ಬೆರಳು ಮತ್ತು ತೊಗರಿಬೇಳೆ

ಮೂಳೆ ಡಾಕ್ಟರು ದೇವಕಿಯ ಬಲಗಾಲಿನ ಹೆಬ್ಬೆರಳನ್ನು ಹಿಡಿದು ಮೆಲ್ಲಗೆ ಮೇಲಕ್ಕೆ ಬಾಗಿಸಲು ನೋಡಿದರು. ಅದು ಇಷ್ಟೇ ಇಷ್ಟು ಎದ್ದು, ಅಗುಳಿ ಹಾಕಿದ ಬಾಗಿಲಿನಂತೆ ಗಕ್ಕನೆ ನಿಂತಿತು. ದೇವಕಿ ಹಲ್ಲು ಕಚ್ಚಿ ಪಕ್ಕದಲ್ಲಿದ್ದ ಮಗಳು ಅಮಿತಾಳ ತೋಳು ಹಿಡಿದಳು.

"ಯಾವತ್ತಾದರೂ ಈ ಬೆರಳು ಇದ್ದಕ್ಕಿದ್ದ ಹಾಗೆ ಕೆಂಪಗೆ ಊದಿಕೊಂಡು, ಮುಟ್ಟಿದರೆ ಬಿಸಿ, ಹೊದಿಕೆ ತಾಗಿದರೂ ಜೀವ ಹೋಗುವಷ್ಟು ನೋವು, ಹೀಗೆ ಆಗಿದ್ದುಂಟಾ?" ಡಾಕ್ಟರು ಹಿಂದಿಯಲ್ಲಿ ಕೇಳಿದರು.

"ಇಲ್ಲ. ನಡೆದರೆ ನೋವು, ಮೆಟ್ಟಿಲು ಹತ್ತಿದರೆ ನೋವು. ಕುಕ್ಕರಗಾಲಲ್ಲಿ ಕೂತರಂತೂ ಮುಗೀತು. ಈಗ ನಮ್ಮ ಮನೆಯವರನ್ನ ಎತ್ತಿ ಕೂರಿಸೋವಾಗ ಈ ಕಾಲು ಒತ್ತಿ ನಿಲ್ಲಕ್ಕೇ ಆಗ್ತಿಲ್ಲ."

"ಮತ್ತೆ ಇದನ್ನು ಗೌಟ್ ಅಂತ ಹೇಳಿದವರು ಯಾರು?"

ಹೇಳಿದ್ದು ದೇವಕಿಯ ಗಂಡ ಚಂದ್ರಮೋಹನರು. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಆಯುಸ್ಸೆಲ್ಲ ಕಳೆದು, ಕೈಗೆ ಸಿಕ್ಕ ಕಾಗದದ ಮೇಲೆ ತೀರ್ಮಾನ ಬರೆಯದೆ ಬಿಡಲಾರದ ಮನುಷ್ಯ. ಆರು ವರ್ಷದ ಹಿಂದೆ ದೆಹಲಿಯ ದ್ವಾರಕಾದ ಅವರ ವಸತಿ ಸೊಸೈಟಿಯಲ್ಲಿ ಆರೋಗ್ಯ ಶಿಬಿರ ನಡೆದಾಗ ದೇವಕಿಯ ರಕ್ತದಲ್ಲಿ ಯೂರಿಕ್ ಆಸಿಡ್ ತುಸು ಹೆಚ್ಚೆಂದು ಬಂದಿತ್ತು; ಗೌಟ್ ಎಂಬ ಕೀಲುವಾತ ಬರುವುದು ಅದರಿಂದಲೇ. ಹೆಬ್ಬೆರಳು ಬೇರೆ ನೋಯುತ್ತಿತ್ತು. ಚಂದ್ರಮೋಹನರ ಹಳೆಯ ಸಾಹೇಬರಿಗೂ ಗೌಟ್ ಇತ್ತು, ಅವರಿಗೂ ಹೆಬ್ಬೆರಳೇ. ಅಲ್ಲಿಗೆ ಫೈಲು ಮುಗಿಯಿತು. ಶಿಬಿರದಲ್ಲಿ ಕೂತಿದ್ದ ಡಾಕ್ಟರು ಕಾಗದ ನೋಡಿ ಮಾತ್ರೆ ಬರೆದುಕೊಟ್ಟರೇ ಹೊರತು, ಚಪ್ಪಲಿ ಬಿಚ್ಚಿಸಿ ಕಾಲು ನೋಡಲಿಲ್ಲ. ಆಮೇಲೆ ಬೆರಳ ಮೇಲೆ ಗಂಟು ಎದ್ದಾಗ ಅಮಿತಾ ಫೋನಿನಲ್ಲಿ ಚಿತ್ರಗಳನ್ನು ನೋಡಿ ಇದು ಬನಿಯನ್, ಹೆಬ್ಬೆರಳ ಬುಡದ ಮೂಳೆ ಹೊರಚಾಚುವ ತೊಂದರೆ, ಎಂದು ಸಾರಿದಳು. ಬೆರಳುಗಳ ನಡುವೆ ಇಟ್ಟುಕೊಳ್ಳುವ ಮೆತ್ತನೆಯ ತುಂಡುಗಳನ್ನು ತರಿಸಿಕೊಟ್ಟಳು. ಅವು ಈಗಲೂ ಎಲ್ಲೋ ಸೋಫಾದಡಿ ಬಿದ್ದಿರಬೇಕು.

ಡಾಕ್ಟರು ಎರಡನ್ನೂ ತಳ್ಳಿಹಾಕಿದರು. ಬನಿಯನ್ ಆಗಿದ್ದರೆ ಗಂಟು ಪಾದದ ಒಳಬದಿಗೆ ಬರುತ್ತಿತ್ತು, ಹೆಬ್ಬೆರಳು ಪಕ್ಕದ ಬೆರಳಿನ ಕಡೆ ವಾಲುತ್ತಿತ್ತು. ಇವರ ಬೆರಳು ನೆಟ್ಟಗಿದೆ, ಗಂಟು ಮೇಲ್ಗಡೆ ಇದೆ. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು.

"ಇಲ್ಲಿ ಎರಡು ಮೂಳೆಗಳ ನಡುವೆ ಸಂದು ಕಾಣಬೇಕು, ಸವೆದುಹೋಗಿದೆ. ಮೇಲೆ ಈ ಮೂಳೆ ಕೊಕ್ಕಿನ ಹಾಗೆ ಬೆಳೆದಿದೆ. ಬೆರಳು ಮೇಲಕ್ಕೆ ಬಾಗೋಕೆ ಹೋದಾಗೆಲ್ಲ ಅದು ಅಡ್ಡ ಬರುತ್ತೆ. ಹ್ಯಾಲಕ್ಸ್ ರಿಜಿಡಸ್ ಅಂತಾರೆ. ಕೀಲು ಸವೆದು ಬಿಗಿಯಾಗೋದು, ಅಷ್ಟೆ."

ಮನೆಯೊಳಗೂ ಅಡಿ ಬಾಗದ, ಮುಂದೆ ತುಸು ದುಂಡಗೆ ಎದ್ದ ಗಟ್ಟಿ ಬೂಟು ಹಾಕಬೇಕು. ಹವಾಯಿ ಚಪ್ಪಲಿ ಬೇಡವೇ ಬೇಡ. ಅದರಿಂದ ಆಗದಿದ್ದರೆ ಮೇಲೆ ಬೆಳೆದ ಮೂಳೆ ಕೆತ್ತಿ ತೆಗೆಯಬಹುದು. ತೀರಾ ಕೆಟ್ಟರೆ ಕೀಲನ್ನೇ ಬೆಸೆದುಬಿಡುತ್ತಾರೆ, ಆಗ ಬೆರಳು ಬಾಗುವುದಿಲ್ಲ, ನೋವೂ ಇರುವುದಿಲ್ಲ. ಯೂರಿಕ್ ಆಸಿಡ್ ಮಾತ್ರೆಯ ಅಗತ್ಯವಿಲ್ಲ.

"ಮತ್ತೆ ತೊಗರಿಬೇಳೆ? ಗೌಟ್ ಅಂತ ಬಿಟ್ಟಿದೀನಿ." ದೇವಕಿ ಸಣ್ಣ ದನಿಯಲ್ಲಿ ಕೇಳಿದಳು.

ಡಾಕ್ಟರು ನಕ್ಕರು. "ಧಾರಾಳವಾಗಿ ತಿನ್ನಿ. ಯೂರಿಕ್ ಆಸಿಡ್ ಸ್ವಲ್ಪ ಹೆಚ್ಚಿದ್ದವರಿಗೆಲ್ಲ ಗೌಟ್ ಇರೋದಿಲ್ಲ. ಇದ್ದಿದ್ದರೂ ಬೇಳೆ ಬಿಡಿ ಅಂತ ನಾನು ಹೇಳ್ತಿರಲಿಲ್ಲ."

ಒಳ್ಳೆಯ ಸುದ್ದಿ ಕೇಳಿ ಯಾರಾದರೂ ಕುಸಿದುಹೋಗುತ್ತಾರೆಯೇ? ದೇವಕಿ ಕುಸಿದುಹೋದಳು. ಜನಕಪುರಿಯ ಆ ಕ್ಲಿನಿಕ್ಕಿನಿಂದ ಹೊರಬಿದ್ದು ಆಟೋ ಹತ್ತಿದಾಗ ಅವಳ ಕಣ್ಣ ಮುಂದಿದ್ದದ್ದು ಹೆಬ್ಬೆರಳಲ್ಲ, ಗಂಡನ ತಟ್ಟೆ.

ಚಂದ್ರಮೋಹನರಿಗೆ ತೊಗರಿಬೇಳೆಯ ಹುಳಿ ಎಂದರೆ ಪ್ರಾಣ. ಮೈಸೂರಿನಿಂದ ಬಂದು ನಲವತ್ತು ವರ್ಷ ದೆಹಲಿಯ ಅನ್ನ ಉಂಡರೂ ಅವರ ನಾಲಿಗೆ ವರ್ಗವಾಗಿರಲಿಲ್ಲ. ನುಗ್ಗೆಕಾಯಿ ಸಿಕ್ಕ ದಿನ ಅಡಿಗೆಮನೆಯ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಅಂಥವರು, ಹೆಂಡತಿಗೆ ಗೌಟ್ ಎಂದು ತಾವೇ ತೀರ್ಮಾನಿಸಿದ ದಿನ, ಆ ರೋಗಕ್ಕೆ ತೊಗರಿಬೇಳೆ ವಿಷವೆಂದು ಅದರ ಡಬ್ಬವನ್ನೇ ಕೆಲಸದವಳಿಗೆ ಕೊಟ್ಟುಬಿಟ್ಟರು. ನಿಮಗೆ ಬೇರೆ ಮಾಡ್ತೀನಿ ಎಂದು ದೇವಕಿ ಎಷ್ಟು ಹೇಳಿದರೂ ಕೇಳಲಿಲ್ಲ. "ನಿನಗಿಲ್ಲದ್ದು ನನಗೆ ಗಂಟಲಲ್ಲಿ ಇಳಿಯಲ್ಲ ಕಣೇ" ಎಂದರು. ಅಂದಿನಿಂದ ಆ ಮನೆಯಲ್ಲಿ ಹೆಸರುಬೇಳೆಯ ತೊವ್ವೆ, ಮಜ್ಜಿಗೆ, ನಿಂಬೆಹಣ್ಣಿನ ನೀರುಸಾರು. ಮುಖ ಒಂದು ದಿನವೂ ಸಿಂಡರಿಸಲಿಲ್ಲ. ನಂಟರ ಮದುವೆಯ ಎಲೆಯ ಮೇಲೂ ಹುಳಿ ಬಡಿಸಲು ಬಂದವರಿಗೆ ಕೈ ಅಡ್ಡ ಹಿಡಿದರು.

ಕಳೆದ ದೀಪಾವಳಿಯ ಹಿಂದುಮುಂದೆ ಅವರಿಗೆ ಲಕ್ವಾ ಹೊಡೆಯಿತು. ಮಾತು ತೊದಲಾಗಿ ಉಳಿಯಿತು, ನುಂಗುವ ಶಕ್ತಿ ಹೋಯಿತು. ಈಗ ಮೂಗಿನಿಂದ ಹೊಟ್ಟೆಗೆ ಇಳಿಸಿದ ನಳಿಗೆಯಲ್ಲೇ ಅನ್ನ, ನೀರು, ಔಷಧಿ. ನಾಲಿಗೆಗೆ ಏನೂ ಇಲ್ಲ.

"ಛೇ ಸಾಲ್, ಅಮ್ಮಾ! ಆರು ವರ್ಷ ಸುಮ್ನೆ!" ಅಮಿತಾ ಆಟೋದಲ್ಲಿ ಕಿಡಿಕಿಡಿಯಾದಳು. ಮರುಕ್ಷಣ ನಕ್ಕಳು. "ಚಲೋ, ಗೌಟ್ ಅಲ್ವಲ್ಲ. ಪಪ್ಪಾಗೆ ಹೇಳೋಣ, ಖುಷ್ ಹೋ ಜಾಯೇಂಗೆ."

"ಹೇಳ್ಬೇಡ."

"ಯಾಕೆ?"

"ಅವರಿಗೆ ಈಗ ಇರೋದು ಅದೊಂದೇ ಕಣೇ. ದಿನಾ ನನ್ನ ಕಾಲು ನೋಡ್ತಾರೆ. ನಾನು ಬೇಳೆ ಬಿಡಿಸಿದ್ದಕ್ಕೇ ನೀನಿನ್ನೂ ಓಡಾಡ್ತಿದೀಯ ಅಂತಾರೆ. ಅದೂ ಸುಳ್ಳು ಅಂತ ಹೇಗೆ ಹೇಳ್ಲಿ? ಬಾಯಿಗೆ ಹಾಕ್ಕೊಳೋ ಹಾಗಿದ್ದಿದ್ರೆ ಇವತ್ತೇ ಮಾಡಿ ಬಡಿಸಿ, ತಪ್ಪಾಯ್ತು ರೀ ಅಂತ ನಕ್ಕುಬಿಡ್ತಿದ್ದೆ."

ಅಮಿತಾ ತಾಯಿಯ ಕೈ ಹಿಡಿದುಕೊಂಡಳು. ದ್ವಾರಕಾ ಬರುವವರೆಗೂ ಬಿಡಲಿಲ್ಲ.

ಮನೆಗೆ ಬಂದೊಡನೆ ದೇವಕಿ ಎಕ್ಸ್‌ರೇಯ ಲಕೋಟೆಯನ್ನು ಮಗಳ ಚೀಲಕ್ಕೆ ತುರುಕಿದಳು. ಗಂಡನನ್ನು ನೋಡಿಕೊಳ್ಳುವ ಹಗಲಿನ ಅಟೆಂಡೆಂಟನ್ನು ಕಳಿಸಿ ಕೋಣೆಗೆ ಹೋದಳು. ಚಂದ್ರಮೋಹನರ ಕಣ್ಣು ಅವಳ ಮುಖಕ್ಕಿಂತ ಮೊದಲು ಅವಳ ಕಾಲಿಗೆ ಇಳಿಯಿತು.

"ಡಾ...ಕ್ಟ್ರು... ಏ...ನಂದ್ರು?"

ಮದುವೆಯಾದಾಗಿನಿಂದ ಅವಳು ಅವರಿಗೆ ಸುಳ್ಳು ಹೇಳಿದ್ದರೆ ಅದು ಸೀರೆಯ ಬೆಲೆಯ ಬಗ್ಗೆ ಮಾತ್ರ. ಈಗ ದಿಂಬು ಸರಿಪಡಿಸುವ ನೆವದಲ್ಲಿ ಮುಖ ಮರೆಸಿಕೊಂಡಳು.

"ಗಟ್ಟಿ ಬೂಟು ಹಾಕ್ಕೊಳ್ಳಿ ಅಂದ್ರು. ಬೇಳೆ ಬಿಟ್ಟಿದ್ದಕ್ಕೇ ಕಾಲು ಇಷ್ಟಾದ್ರೂ ಉಳಿದಿದೆ ಅಂದ್ರು. ಯಾರು ಬಿಡಿಸಿದ್ದು ಅಂತ ಕೇಳಿದ್ರು. ನಮ್ಮನೆಯವರು ಅಂದೆ."

ಅವರ ಮುಖದ ಆಡುವ ಅರ್ಧ ಅರಳಿತು. ಎಷ್ಟು ದಿನವಾಗಿತ್ತೋ ಆ ನಗು ಕಂಡು. ಬಾಗಿಲಲ್ಲಿ ನಿಂತಿದ್ದ ಅಮಿತಾ ಸರಕ್ಕನೆ ಹೊರಗೆ ಹೋದಳು. ಚಂದ್ರಮೋಹನರು ಆಡುವ ಎಡಗೈಯನ್ನು ಎತ್ತಿ, ಕಚೇರಿಯಲ್ಲಿ ಕೆಳಗಿನವರಿಗೆ ಅಪ್ಪಣೆ ಕೊಡುತ್ತಿದ್ದ ಹಾಗೆ ಬೆರಳು ಆಡಿಸಿದರು.

"ಇ...ನ್ಮೇಲೂ... ಮುಟ್...ಬೇಡ. ನಾ...ನು ನೋ...ಡ್ತಿರ್ತೀನಿ."

"ಮುಟ್ಟಲ್ಲ ರೀ."

ಹೆಸರುಬೇಳೆಯ ತಿಳಿಯನ್ನು ಸೋಸಿ ತಂದು, ತಲೆದಿಂಬು ಎತ್ತರಿಸಿ, ನಳಿಗೆಯ ತುದಿಗೆ ದೊಡ್ಡ ಸಿರಿಂಜು ಸಿಕ್ಕಿಸಿ ನಿಧಾನವಾಗಿ ಬಿಡತೊಡಗಿದಳು. ನಾಳೆಯೂ ಇದೇ, ನಾಡಿದ್ದೂ ಇದೇ. ಹುಳಿ ಕುದಿಯುವ ವಾಸನೆ ಈ ಮನೆಯಲ್ಲಿ ಮತ್ತೆ ಏಳುವುದಿದ್ದರೆ ಅದು ಇವರು ಇಲ್ಲವಾದ ಮೇಲೆಯೇ. ಆ ಯೋಚನೆ ಬಂದದ್ದೇ ತಡ, ಅವಳ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು. ಕೈ ಮಾತ್ರ ಸಿರಿಂಜನ್ನು ನೆಟ್ಟಗೆ ಹಿಡಿದಿತ್ತು.

ಚಂದ್ರಮೋಹನರು ಕಂಗಾಲಾಗಿ ಮಂಚದಾಚೆ ಅವಳ ಕಾಲನ್ನು ಹುಡುಕಿದರು.

"ನೋ...ವಾ?"

"ಹೂಂ ರೀ," ಎಂದಳು ದೇವಕಿ. "ತುಂಬಾ ನೋವು."