ಸೋಮವಾರಕ್ಕೆ ಆಗುವುದಿಲ್ಲ
ರಬಕವಿಯ ಗಿರಮಲ್ಲಪ್ಪನವರ ಸೀರೆ ಅಂಗಡಿಯಲ್ಲಿ ಮುಂಬೈ ರಾಜ್ಯದ ಕಾಲದಿಂದಲೂ ಗಿರಾಕಿಗೆ ಯಾರೂ 'ಆಗುವುದಿಲ್ಲ' ಅಂದಿಲ್ಲ. ಅಪ್ಪ 'ನೋಡೋಣರಿ' ಅನ್ನುತ್ತಿದ್ದರು, ಮಗ ಗಿರಮಲ್ಲಪ್ಪನವರೂ ಅದನ್ನೇ ಅನ್ನುತ್ತಾರೆ. ಈಗ ಪುಣೆಯ ಗಿರಾಕಿ ಕುಮುದಿನಿ ತನ್ನ ತಾಯಿಯ ಎಂಬತ್ತನೆಯ ಹುಟ್ಟುಹಬ್ಬಕ್ಕೆ ಹೇಳಿದ ಸೀರೆ ಮಗ್ಗದ ಮೇಲೆ ಅರ್ಧವೇ ಆಗಿದೆ. ಹುಟ್ಟುಹಬ್ಬ ಸೋಮವಾರ.

"ನೋಡೋಣ ಅಂತ ಈಮೇಲ್ ಹಾಕ್ರಿ, ಶುಭದಾಬಾಯಿ. ಪಾಪ, ಅಕಿಗೆ ಬ್ಯಾಸರ ಆಗಬಾರದು," ಅಂದರು ಗಿರಮಲ್ಲಪ್ಪ.

"ಸೋಮವಾರ ಸೀರಿ ಬರದಿದ್ರ ಬ್ಯಾಸರ ಆಗೂದಿಲ್ಲೇನ್ರಿ?" ಅಂದಳು ಅಂಗಡಿಯ ಪತ್ರವ್ಯವಹಾರ ನೋಡುವ ಶುಭದಾ.

ಹಿಂದೊಮ್ಮೆ ಅವಳನ್ನು ಹೆಣ್ಣು ನೋಡಲು ಬಂದ ಮಿರಜಿನವರೂ 'ನೋಡಿ ತಿಳಸ್ತೇವ್ರಿ' ಅಂದು ಅವಲಕ್ಕಿ ತಿಂದು ಹೋಗಿದ್ದರು. ಅವಳು ವರ್ಷವೆಲ್ಲ ಟಪಾಲಿನವನ ಸೈಕಲ್ಲಿಗೆ ಕಿವಿಗೊಟ್ಟಿದ್ದಳು. ಈಗ ಒಬ್ಬಳಿಗೇ ಅಡಿಗೆ.

ಅವಳು ಬರೆದಳು: "ಸೀರೆ ಸೋಮವಾರಕ್ಕೆ ಆಗುವುದಿಲ್ಲ. ನೂಲು ತಡವಾಯಿತು, ಆಗಲೇ ಹೇಳದಿದ್ದುದು ನಮ್ಮ ತಪ್ಪು. ಮುಂದಿನ ಶುಕ್ರವಾರ ಕಳಿಸಬಲ್ಲೆವು, ಬೇಡವೆಂದರೂ ಸರಿ. ತಾಯಿ ಅಂದೇ ಉಡಲೆಂದು ನೀವು ಆಸೆಪಟ್ಟಿದ್ದಿರಿ. ಕ್ಷಮಿಸಿ."

ಸಂಜೆ ಉತ್ತರ ಬಂತು. "ಬೇಸರವಾಯಿತು. ಆದರೆ ದಾರಿ ಕಾಯುವುದು ತಪ್ಪಿತು. ತಾಯಿಯ ಹಳೆಯ ಇಳಕಲ್ ಸೀರೆ ಇಸ್ತ್ರಿಗೆ ಕೊಟ್ಟೆ. ಹೊಸದನ್ನು ಶುಕ್ರವಾರವೇ ಕಳಿಸಿ."

"ಸಿಟ್ಟಾದ್ಳೇನ್ರಿ?" ಗಿರಮಲ್ಲಪ್ಪ ಕೇಳಿದರು.

"ಇಲ್ರಿ."

ಮಿರಜಿನಿಂದಲೂ ಅಂದು 'ಆಗುವುದಿಲ್ಲ' ಎಂಬ ಒಂದು ಕಾರ್ಡು ಬಂದಿದ್ದರೆ ಸಾಕಿತ್ತು. ಶುಭದಾ ಉತ್ತರವನ್ನು ಇನ್ನೊಮ್ಮೆ ಓದಿ, ಊಟದ ಖಾಲಿ ಡಬ್ಬಿ ತೆಗೆದುಕೊಂಡು ಮನೆಗೆ ಹೊರಟಳು.